ಅಸಲು ಹಾಗೇ ಇದ್ದೂ ಕರಗುವುದು ಹೇಗೆ: ಠೇವಣಿಯ ಬಡ್ಡಿ ಮತ್ತು ಸರ್ಕಾರದ ಸಾಲ

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ಶಿಕ್ಷಕ. 2020ರ ಮಧ್ಯದಲ್ಲಿ ನಿವೃತ್ತಿಯ ಹಣದಲ್ಲಿ ಹತ್ತು ಲಕ್ಷವನ್ನು ಹಿರಿಯ ನಾಗರಿಕರ ದರ ಶೇ. 5.8ರಂತೆ ಮೂರು ವರ್ಷಕ್ಕೆ ಎಫ್‌ಡಿ ಇಟ್ಟು, ಮೂರು ತಿಂಗಳಿಗೊಮ್ಮೆ ಬಡ್ಡಿ ಪಡೆದು ಮನೆಖರ್ಚಿಗೆ ಬಳಸಿದೆ. 2023ರಲ್ಲಿ ಅದೇ ಹತ್ತು ಲಕ್ಷವನ್ನು ಶೇ. 7ಕ್ಕೆ ನವೀಕರಿಸಿದೆ. ಅಸಲಿಗೆ ಏನೂ ಆಗಿಲ್ಲ ಎಂದು ನಾನು ತಿಳಿದಿದ್ದೆ. ನನ್ನ ಮಗ ಮಾತ್ರ, "ಸರ್ಕಾರ ತನ್ನ ಸಾಲ ಕರಗಿಸಿಕೊಳ್ಳಲು ಬೇಕೆಂದೇ ಬಡ್ಡಿಯನ್ನು ಬೆಲೆಯೇರಿಕೆಗಿಂತ ಕೆಳಗಿಡುತ್ತದೆ, ನಿಮ್ಮ ದುಡ್ಡು ಹೋಗಿದೆ" ಎನ್ನುತ್ತಾನೆ. ಇದು ನಿಜವೇ? ನಿಜವಾದರೆ ನನಗೆ ಎಷ್ಟು ನಷ್ಟವಾಗಿದೆ?

ಉತ್ತರ: ನಿಮ್ಮ ಮಗನ ಮಾತಿನಲ್ಲಿ ಬಹುಪಾಲು ಸರಿಯಿದೆ. "ಬೇಕೆಂದೇ" ಎಂಬ ಒಂದು ಪದವನ್ನು ಮಾತ್ರ ನಿಧಾನವಾಗಿ ಪರಿಶೀಲಿಸಬೇಕು. ಅದಕ್ಕೆ ಮೊದಲು ನಿಮ್ಮ ಹತ್ತು ಲಕ್ಷದ ಲೆಕ್ಕವನ್ನೇ ನೋಡೋಣ.

ಶೇ. 5.8ರ ದರದಲ್ಲಿ ನಿಮಗೆ ವರ್ಷಕ್ಕೆ 58,000 ರೂಪಾಯಿ, ಅಂದರೆ ಮೂರು ತಿಂಗಳಿಗೊಮ್ಮೆ 14,500 ರೂಪಾಯಿ ಖಾತೆಗೆ ಜಮೆಯಾಗಿದೆ. ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ ದೇಶದ ಸರಾಸರಿ ಬೆಲೆಯೇರಿಕೆ 2020-21ರಲ್ಲಿ ಶೇ. 6.2, 2021-22ರಲ್ಲಿ ಶೇ. 5.5 ಮತ್ತು 2022-23ರಲ್ಲಿ ಶೇ. 6.7 ಇತ್ತು. ನಿಮ್ಮ ಠೇವಣಿಯ ವರ್ಷ ಏಪ್ರಿಲ್‌ನಿಂದ ಆರಂಭವಾಗುವುದಿಲ್ಲವಾದ್ದರಿಂದ ಅಂಕಿಗಳು ಅಲ್ಪಸ್ವಲ್ಪ ಅತ್ತಿತ್ತ ಆಗಬಹುದು, ಆದರೆ ಚಿತ್ರ ಬದಲಾಗುವುದಿಲ್ಲ. ಮೊದಲ ವರ್ಷ ಹತ್ತು ಲಕ್ಷ ರೂಪಾಯಿ ಅದೇ ಹತ್ತು ಲಕ್ಷದ ಸಾಮಾನನ್ನು ಕೊಳ್ಳುವ ಶಕ್ತಿ ಉಳಿಸಿಕೊಳ್ಳಬೇಕಾದರೆ ಅದಕ್ಕೆ 62,000 ರೂಪಾಯಿ ಸೇರಬೇಕಿತ್ತು. ನಿಮಗೆ ಬಂದದ್ದು 58,000. ಎರಡನೆಯ ವರ್ಷ 55,000 ಸಾಕಿತ್ತು, ಮೂರು ಸಾವಿರ ಮಿಕ್ಕಿತು. ಮೂರನೆಯ ವರ್ಷ 67,000 ಬೇಕಿತ್ತು, ಒಂಬತ್ತು ಸಾವಿರ ಕಡಿಮೆ ಬಿತ್ತು. ಒಟ್ಟಾರೆ, ನೀವು ಬಡ್ಡಿಯ ಒಂದು ಪೈಸೆಯನ್ನೂ ಮುಟ್ಟದೆ ಬದಿಗಿಟ್ಟಿದ್ದರೂ ಅಸಲಿನ ಬೆಲೆ ಕಾಯಲು ಸುಮಾರು ಹತ್ತು ಸಾವಿರ ಸಾಲದಾಗುತ್ತಿತ್ತು.

ಆದರೆ ನೀವು ಬಡ್ಡಿಯನ್ನು ಖರ್ಚು ಮಾಡಿದ್ದೀರಿ, ಮತ್ತು ನಮ್ಮಲ್ಲಿ ಬಹುತೇಕ ನಿವೃತ್ತರು ಮಾಡುವುದೂ ಹಾಗೆಯೇ. ಮೂರು ವರ್ಷಗಳ ಬೆಲೆಯೇರಿಕೆಯನ್ನು ಒಂದರ ಮೇಲೊಂದು ಸೇರಿಸಿದರೆ ಸುಮಾರು ಶೇ. 19.5 ಆಗುತ್ತದೆ. ಹಾಗಾಗಿ 2023ರಲ್ಲಿ ನಿಮ್ಮ ಕೈಗೆ ಮರಳಿದ ಹತ್ತು ಲಕ್ಷದಲ್ಲಿ 2020ರ ಲೆಕ್ಕದ ಸುಮಾರು 8 ಲಕ್ಷ 36 ಸಾವಿರದಷ್ಟು ಸಾಮಾನು ಮಾತ್ರ ಬರುತ್ತಿತ್ತು. ಬಡ್ಡಿ ಎಂದು ಮನೆಗೆ ತಂದ 1,74,000 ರೂಪಾಯಿ ನಿಜವಾದ ಆದಾಯವಾಗಿರಲಿಲ್ಲ. ನಿಮ್ಮ ಅಸಲೇ ಕಂತುಕಂತಾಗಿ ನಿಮ್ಮ ಕೈಗೆ ಬಂದು ಖರ್ಚಾಯಿತು. ಪಾಸ್‌ಬುಕ್ಕಿನಲ್ಲಿ ಹತ್ತು ಲಕ್ಷ ಎಂಬ ಅಂಕಿ ಅಲುಗದೆ ನಿಂತಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ.

ನೀವು ಹಿರಿಯ ನಾಗರಿಕರಾದ್ದರಿಂದ ಎರಡು ರಕ್ಷಣೆಗಳು ನಿಮಗಿದ್ದವು. ಒಂದು, ಅರ್ಧ ಪರ್ಸೆಂಟ್ ಹೆಚ್ಚುವರಿ ಬಡ್ಡಿ. ಇನ್ನೊಂದು, ಹಳೆಯ ತೆರಿಗೆ ಪದ್ಧತಿಯಲ್ಲಿ 80ಟಿಟಿಬಿ ಅಡಿಯಲ್ಲಿ 50,000 ರೂಪಾಯಿವರೆಗಿನ ಠೇವಣಿ ಬಡ್ಡಿಗೆ ಸಿಗುತ್ತಿದ್ದ ವಿನಾಯಿತಿ. ಅದೇ ಹತ್ತು ಲಕ್ಷವನ್ನು ನಲವತ್ತರ ಹರೆಯದ ಒಬ್ಬರು ಶೇ. 5.3ಕ್ಕೆ ಇಟ್ಟು, ಶೇ. 20ರ ತೆರಿಗೆ ಹಂತದಲ್ಲಿದ್ದರು ಎಂದುಕೊಳ್ಳಿ. 53,000 ರೂಪಾಯಿ ಬಡ್ಡಿಯಲ್ಲಿ ತೆರಿಗೆ, ಸೆಸ್ ಕಳೆದು ಉಳಿಯುವುದು ಸುಮಾರು 42,000. ಅಸಲಿನ ಬೆಲೆ ಉಳಿಸಲು ಬೇಕಾದದ್ದು 62,000. ಅವರು ಮೊದಲ ವರ್ಷವೇ ಇಪ್ಪತ್ತು ಸಾವಿರ ಕಳೆದುಕೊಂಡರು, ಮತ್ತು ಕಳೆದುಕೊಂಡದ್ದರ ಮೇಲೆ ತೆರಿಗೆಯನ್ನೂ ಕಟ್ಟಿದರು. ಆದಾಯ ತೆರಿಗೆ ಕಾನೂನು ಬಡ್ಡಿಯ ಅಂಕಿಯನ್ನು ನೋಡುತ್ತದೆಯೇ ಹೊರತು ಅದರಲ್ಲಿ ಬೆಲೆಯೇರಿಕೆಯನ್ನು ತುಂಬಿಕೊಡುವ ಪಾಲೆಷ್ಟು ಎಂದು ಕೇಳುವುದಿಲ್ಲ. ಈ ವಿಷಯದಲ್ಲಿ ನನಗೆ ಅತ್ಯಂತ ಅನ್ಯಾಯವೆಂದು ತೋರುವ ಸಂಗತಿ ಇದೇ. ಹಣವನ್ನು ಬರೀ ಉಳಿತಾಯ ಖಾತೆಯಲ್ಲಿ ಬಿಟ್ಟವರ ಪಾಡು ಇನ್ನೂ ಕಷ್ಟದ್ದು: ಬೆಲೆಗಳು ಶೇ. 6ಕ್ಕೂ ಹೆಚ್ಚು ಏರುತ್ತಿದ್ದಾಗ ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆಯ ಬಡ್ಡಿ ಶೇ. 2.7 ಇತ್ತು.

ಈಗ ಸರ್ಕಾರದ ಕಡೆಯಿಂದ ನೋಡೋಣ. ನಾಗಮಂಗಲದ ಕಡೆಯ ಒಬ್ಬ ರೈತನ ವರ್ಷದ ಆದಾಯ ನೂರು ರೂಪಾಯಿ, ಸಾಲವೂ ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಸಾಲದ ಬಡ್ಡಿ ಶೇ. 6. ಆ ವರ್ಷ ಅವನ ಫಸಲು ಶೇ. 6ರಷ್ಟು ಹೆಚ್ಚಿತು, ಫಸಲಿನ ಬೆಲೆ ಶೇ. 7ರಷ್ಟು ಏರಿತು. ಆದಾಯ ನೂರ ಹದಿಮೂರಕ್ಕೆ ಮುಟ್ಟಿತು. ಅವನು ಒಂದು ರೂಪಾಯಿಯನ್ನೂ ತೀರಿಸದೆ ಬಡ್ಡಿಯನ್ನು ಸಾಲಕ್ಕೇ ಸೇರಿಸಿದರೂ ಸಾಲ ನೂರ ಆರು ರೂಪಾಯಿ ಮಾತ್ರ. ಆದಾಯಕ್ಕೆ ಹೋಲಿಸಿದರೆ ಸಾಲ ನೂರರಿಂದ ತೊಂಬತ್ತಮೂರು, ತೊಂಬತ್ತನಾಲ್ಕರ ಮಟ್ಟಕ್ಕೆ ಇಳಿಯಿತು. ದೇಶದ ಸಾಲವನ್ನು ಜಿಡಿಪಿಯ ಶೇಕಡಾವಾರು ಎಂದು ಅಳೆಯುವುದು ಇದೇ ಕ್ರಮದಲ್ಲಿ. ರೈತನ ಆದಾಯದ ಜಾಗದಲ್ಲಿ ದೇಶದ ಒಟ್ಟು ಉತ್ಪನ್ನದ ಹಣದ ಮೌಲ್ಯವನ್ನು ಇಟ್ಟುಕೊಳ್ಳಿ. ಬೆಲೆಯೇರಿಕೆ ಆ ಮೌಲ್ಯವನ್ನು ಹಿಗ್ಗಿಸುತ್ತದೆ, ಆದರೆ ಹಿಂದೆಯೇ ಗೊತ್ತುಮಾಡಿದ ಬಡ್ಡಿಯ ಸಾಲಪತ್ರಗಳನ್ನು ಹಿಗ್ಗಿಸುವುದಿಲ್ಲ.

ಒಂದು ವ್ಯತ್ಯಾಸವಿದೆ. ರೈತ ತನ್ನ ಸಾಲದ ಬಡ್ಡಿಯನ್ನು ತಾನೇ ನಿರ್ಧರಿಸಲಾರ. ಬೆಲೆ ಏರುವ ಸೂಚನೆ ಕಂಡರೆ ಸಾಲ ಕೊಡುವವನು ಹೆಚ್ಚು ಬಡ್ಡಿ ಕೇಳುತ್ತಾನೆ. ಸರ್ಕಾರಕ್ಕೆ ಸಾಲ ಕೊಡುವವರು ಹಾಗೆ ಕೇಳದಂತೆ, ಕೇಳಿದರೂ ಬೇರೆ ಕಡೆ ಹೋಗಲಾರದಂತೆ ವ್ಯವಸ್ಥೆ ಇದ್ದಾಗಲೇ ಈ ಲೆಕ್ಕ ವರ್ಷಾನುಗಟ್ಟಲೆ ನಡೆಯುತ್ತದೆ. ಅಂಥ ವ್ಯವಸ್ಥೆಗೆ ಅರ್ಥಶಾಸ್ತ್ರದಲ್ಲಿ ಫೈನಾನ್ಶಿಯಲ್ ರಿಪ್ರೆಶನ್, ಹಣಕಾಸು ದಮನ, ಎಂದು ಹೆಸರು. 1973ರಲ್ಲಿ ರೊನಾಲ್ಡ್ ಮೆಕಿನ್ನನ್ ಮತ್ತು ಎಡ್ವರ್ಡ್ ಶಾ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಭಿವೃದ್ಧಿಶೀಲ ದೇಶಗಳ ಸ್ಥಿತಿಯನ್ನು ವಿವರಿಸಲು ಈ ಮಾತನ್ನು ಚಲಾವಣೆಗೆ ತಂದರು. ಆದರೆ ಅಮೆರಿಕವೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತ್ತು. ಎರಡನೆಯ ಮಹಾಯುದ್ಧದ ವೆಚ್ಚಕ್ಕಾಗಿ 1942ರಿಂದ ಅಲ್ಲಿನ ಕೇಂದ್ರ ಬ್ಯಾಂಕು ಸರ್ಕಾರದ ದೀರ್ಘಾವಧಿ ಸಾಲಪತ್ರಗಳ ಬಡ್ಡಿ ಶೇ. 2.5 ದಾಟದಂತೆ ಹಿಡಿದಿಟ್ಟಿತು. ಯುದ್ಧ ಮುಗಿದ ಮೇಲೆ 1947ರಲ್ಲಿ ಬೆಲೆಗಳು ಶೇ. 14ರಷ್ಟು ಏರಿದಾಗಲೂ ಆ ಮಿತಿ ಸಡಿಲವಾಗಲಿಲ್ಲ. 1951ರ ಮಾರ್ಚ್‌ನಲ್ಲಿ ಖಜಾನೆಗೂ ಕೇಂದ್ರ ಬ್ಯಾಂಕಿಗೂ ಒಪ್ಪಂದವಾದ ಮೇಲಷ್ಟೇ ಅದು ತೆರವಾಯಿತು. 1946ರಲ್ಲಿ ಜಿಡಿಪಿಯನ್ನೇ ಮೀರಿದ್ದ ಅಲ್ಲಿನ ಸಾಲ 1970ರ ದಶಕದ ಮಧ್ಯಕ್ಕೆ ಅದರ ಕಾಲು ಭಾಗದಷ್ಟಕ್ಕೆ ಇಳಿದುದರಲ್ಲಿ ಬೆಳವಣಿಗೆಯ ಜೊತೆಗೆ ಇಂಥ ಅಗ್ಗದ ಬಡ್ಡಿಯ ಪಾಲೂ ದೊಡ್ಡದಿತ್ತು.

ನಮ್ಮ ದೇಶದಲ್ಲಿ ಇದರ ಮುಖ್ಯ ಸಾಧನ ಶಾಸನಬದ್ಧ ದ್ರವ್ಯತಾ ಅನುಪಾತ, ಬ್ಯಾಂಕಿನವರ ಬಾಯಲ್ಲಿ ಎಸ್‌ಎಲ್‌ಆರ್. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 24ನೇ ಸೆಕ್ಷನ್ನಿನ ಪ್ರಕಾರ ಪ್ರತಿ ಬ್ಯಾಂಕೂ ತನ್ನ ಠೇವಣಿಗಳ ಒಂದು ಪಾಲನ್ನು ನಗದು, ಚಿನ್ನ ಅಥವಾ ಸರ್ಕಾರಿ ಸಾಲಪತ್ರಗಳಲ್ಲಿ ಇಡಲೇಬೇಕು. ವಾಸ್ತವದಲ್ಲಿ ಅದು ಬಹುತೇಕ ಸರ್ಕಾರಿ ಸಾಲಪತ್ರವೇ. ನಾನು 1980ರ ದಶಕದಲ್ಲಿ ಮಂಡ್ಯ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದಾಗ ಪ್ರತಿ ಶುಕ್ರವಾರ ಸಂಜೆ ಲೆಡ್ಜರುಗಳ ಬಾಕಿ ಕೂಡಿಸಿ, ಶಾಖೆಯ ಠೇವಣಿ ಮೊತ್ತವನ್ನು ಮೇಲಿನ ಕಚೇರಿಗೆ ಕಳುಹಿಸಬೇಕಿತ್ತು. ಶುಕ್ರವಾರದ ಸ್ಟೇಟ್‌ಮೆಂಟ್ ಎಂದೇ ಅದಕ್ಕೆ ಹೆಸರು. ಕೂಡಿಕೆ ತಾಳೆಯಾಗದಿದ್ದರೆ ಕೊನೆಯ ಬಸ್ಸು ತಪ್ಪುತ್ತಿತ್ತು. ಆ ಅಂಕಿಯ ಆಧಾರದ ಮೇಲೆಯೇ ಎಷ್ಟು ಹಣ ರಿಸರ್ವ್ ಬ್ಯಾಂಕಿಗೆ, ಎಷ್ಟು ಹಣ ಸರ್ಕಾರಕ್ಕೆ ಎಂದು ನಿರ್ಧಾರವಾಗುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

1990ರ ಹೊತ್ತಿಗೆ ಎಸ್‌ಎಲ್‌ಆರ್ ಶೇ. 38.5ಕ್ಕೆ ಏರಿತ್ತು. ಅದರ ಜೊತೆಗೆ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ನಗದು ಮೀಸಲು ಶೇ. 15. ಒಬ್ಬ ಗೃಹಿಣಿ ನೂರು ರೂಪಾಯಿ ಠೇವಣಿ ಇಟ್ಟರೆ ಐವತ್ತಮೂರೂವರೆ ರೂಪಾಯಿ ಈ ಎರಡು ಬಾಗಿಲಿನಿಂದಲೇ ಹೊರಹೋಗುತ್ತಿತ್ತು. ಉಳಿದ ನಲವತ್ತಾರೂವರೆ ರೂಪಾಯಿಯಲ್ಲಿ ಕೃಷಿ, ಸಣ್ಣ ಉದ್ಯಮದಂಥ ಆದ್ಯತಾ ವಲಯದ ಪಾಲು ತೆಗೆದ ಮೇಲೆ ಮಿಕ್ಕಿದ್ದು ಇತರ ಸಾಲಗಾರರಿಗೆ. ಠೇವಣಿಗೆ ಎಷ್ಟು ಬಡ್ಡಿ ಕೊಡಬೇಕು ಎಂಬುದನ್ನೂ ರಿಸರ್ವ್ ಬ್ಯಾಂಕೇ ಗೊತ್ತು ಮಾಡುತ್ತಿದ್ದುದರಿಂದ, ಈ ಬ್ಯಾಂಕಿನಲ್ಲಿ ಕಡಿಮೆ ಎಂದು ಆ ಬ್ಯಾಂಕಿಗೆ ಹೋಗಿಯೂ ಪ್ರಯೋಜನವಿರಲಿಲ್ಲ. ಇನ್ನು ಸರ್ಕಾರಕ್ಕೆ ತಕ್ಷಣ ಹಣ ಬೇಕಾದಾಗ ರಿಸರ್ವ್ ಬ್ಯಾಂಕು ಅಡ್‌ಹಾಕ್ ಖಜಾನೆ ಬಿಲ್ಲುಗಳೆಂಬ ಅಲ್ಪಾವಧಿ ಸಾಲಪತ್ರಗಳನ್ನು ಪಡೆದು ಹಣ ಒದಗಿಸುತ್ತಿತ್ತು. ಅವುಗಳ ದರ 1974ರಿಂದ ಶೇ. 4.6ಕ್ಕೆ ಸ್ಥಿರವಾಗಿತ್ತು. ಆ ವರ್ಷ ಸಗಟು ಬೆಲೆಗಳು ಶೇ. 20ಕ್ಕೂ ಹೆಚ್ಚು ಏರಿದ್ದವು. 1997ರಲ್ಲಿ ಅಡ್‌ಹಾಕ್ ಬಿಲ್ಲುಗಳ ಪದ್ಧತಿ ನಿಂತಿತು, ಅದೇ ವರ್ಷ ಅವಧಿ ಠೇವಣಿಗಳ ಬಡ್ಡಿಯನ್ನು ಬ್ಯಾಂಕುಗಳೇ ನಿರ್ಧರಿಸಲು ಪೂರ್ಣ ಸ್ವಾತಂತ್ರ್ಯ ಬಂತು.

ಇದರ ಬೆಲೆ ತೆತ್ತವರು ಠೇವಣಿದಾರರು ಮಾತ್ರವಲ್ಲ. ಅರ್ಧಕ್ಕೂ ಹೆಚ್ಚು ಹಣವನ್ನು ಕಡಿಮೆ ಆದಾಯಕ್ಕೆ ಕೊಟ್ಟ ಬ್ಯಾಂಕು ಉಳಿದ ಸಾಲಗಾರರಿಂದಲೇ ಅದನ್ನು ತುಂಬಿಕೊಳ್ಳಬೇಕಿತ್ತು. 1990ರಲ್ಲಿ ಎರಡು ಲಕ್ಷ ಮೀರಿದ ಸಾಲಕ್ಕೆ ಕನಿಷ್ಠ ಬಡ್ಡಿಯೇ ಶೇ. 16 ಆಗಿತ್ತು. ಹೊಸ ಗಾಣ, ಕೊಪ್ಪರಿಗೆ ಹಾಕಿ ಆಲೆಮನೆ ದೊಡ್ಡದು ಮಾಡಬೇಕೆಂದು ಬಂದವರು ಆ ದರ ಕೇಳಿ ಅರ್ಜಿ ನಮೂನೆಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟೆಲ್ಲ ಆದರೂ 1980ರ ದಶಕದಲ್ಲಿ ಭಾರತದ ಸಾಲದ ಹೊರೆ ಇಳಿಯಲಿಲ್ಲ, ಏರಿತು. ಕಾರಣ ಸರಳ: ಹಳೆಯ ಸಾಲ ಬೆಲೆಯೇರಿಕೆಯಲ್ಲಿ ಕರಗುತ್ತಿದ್ದ ವೇಗಕ್ಕಿಂತ ಹೊಸ ಸಾಲ ಸೇರುತ್ತಿದ್ದ ವೇಗ ಹೆಚ್ಚಿತ್ತು. ನಮ್ಮ ರೈತ ಬಡ್ಡಿ ಅಗ್ಗವೆಂದು ಪ್ರತಿ ವರ್ಷ ತನ್ನ ಆದಾಯದ ಹತ್ತರಲ್ಲೊಂದು ಪಾಲಿನಷ್ಟು ಹೊಸ ಸಾಲ ಮಾಡಿದರೆ ಅವನ ಸಾಲ ಕರಗುವುದೇ ಇಲ್ಲ. ಈ ದಾರಿ ಹಿಡಿದ ಸರ್ಕಾರಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ, ಏಕೆಂದರೆ ಅಗ್ಗದ ಸಾಲ ಖರ್ಚಿನ ಕಡಿವಾಣವನ್ನು ಸಡಿಲಿಸುತ್ತದೆ.

ಈಗ "ಬೇಕೆಂದೇ" ಎಂಬ ಪದಕ್ಕೆ ಬರುತ್ತೇನೆ. 2020ರ ಮೇ ತಿಂಗಳಿಂದ 2022ರ ಮೇ ತಿಂಗಳವರೆಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ದರ, ಶೇ. 4ರಲ್ಲಿ ನಿಂತಿದ್ದುದರ ಮುಖ್ಯ ಕಾರಣ ಕೋವಿಡ್. ಅಂಗಡಿಗಳು ಮುಚ್ಚಿ, ಜನ ಕೆಲಸ ಕಳೆದುಕೊಂಡಿದ್ದಾಗ ಬಡ್ಡಿ ಏರಿಸುವುದು ತಪ್ಪಾಗುತ್ತಿತ್ತು. ಅದನ್ನು ನಾನು ಇಂದಿಗೂ ಒಪ್ಪುತ್ತೇನೆ. ಆದರೆ ಅದೇ ಕಾಲದಲ್ಲಿ ರಿಸರ್ವ್ ಬ್ಯಾಂಕು ಹತ್ತು ವರ್ಷದ ಸರ್ಕಾರಿ ಸಾಲಪತ್ರದ ಆದಾಯ ಶೇ. 6ರ ಆಸುಪಾಸಿನಲ್ಲೇ ಇರುವಂತೆ ಹರಾಜುಗಳಲ್ಲಿ ಹೆಚ್ಚಿನ ದರದ ಬಿಡ್ಡುಗಳನ್ನು ತಿರಸ್ಕರಿಸಿತು. 2021-22ರಲ್ಲಿ ಜಿ-ಸ್ಯಾಪ್ ಎಂಬ ಕಾರ್ಯಕ್ರಮದಡಿ ಮೊದಲ ತ್ರೈಮಾಸಿಕದಲ್ಲಿ ಒಂದು ಲಕ್ಷ ಕೋಟಿ, ಎರಡನೆಯದರಲ್ಲಿ 1.2 ಲಕ್ಷ ಕೋಟಿ ರೂಪಾಯಿ ಸಾಲಪತ್ರ ಕೊಳ್ಳುವುದಾಗಿ ಮೊದಲೇ ಘೋಷಿಸಿತು. ಸರ್ಕಾರ ಆ ವರ್ಷಗಳಲ್ಲಿ ಹಿಂದೆಂದೂ ಇಲ್ಲದಷ್ಟು ಸಾಲ ಎತ್ತುತ್ತಿತ್ತು, ಮತ್ತು 2020-21ರಲ್ಲಿ ಅದು ತೆತ್ತ ಸರಾಸರಿ ಬಡ್ಡಿ ಸುಮಾರು ಶೇ. 5.8 ಮಾತ್ರ. ನಿಮ್ಮ ಎಫ್‌ಡಿ ರಸೀದಿಯ ಮೇಲೂ ಅದೇ 5.8 ಇತ್ತೆಂಬುದು ಕಾಕತಾಳೀಯ. ಆದರೆ ಎರಡೂ ಬೆಲೆಯೇರಿಕೆಗಿಂತ ಕೆಳಗಿದ್ದುದು ಕಾಕತಾಳೀಯವಲ್ಲ. ಬ್ಯಾಂಕುಗಳ ಬಳಿ ಹಣ ತುಂಬಿ ತುಳುಕುತ್ತಿದ್ದಾಗ ನಿಮ್ಮ ಠೇವಣಿಗಾಗಿ ಪೈಪೋಟಿ ಮಾಡುವ ಅಗತ್ಯ ಯಾರಿಗೂ ಇರಲಿಲ್ಲ. ಉದ್ದೇಶ ಸಾಂಕ್ರಾಮಿಕದ ಪರಿಹಾರವಾಗಿತ್ತು, ಪರಿಣಾಮದ ಒಂದು ಪಾಲು ದಮನದ್ದಾಗಿತ್ತು ಎಂದು ಹೇಳುವುದು ನ್ಯಾಯ. 1980ರ ದಶಕದ ದಮನಕ್ಕೆ ಇದನ್ನು ಸಮ ಎನ್ನಲಾಗದು. 2020ರಿಂದ ಎಸ್‌ಎಲ್‌ಆರ್ ಶೇ. 18 ಮಾತ್ರ, ಠೇವಣಿ ದರಕ್ಕೆ ಸರ್ಕಾರಿ ಮಿತಿಯೂ ಇಲ್ಲ.

ಇನ್ನೊಂದು ತಡೆಗೋಡೆಯೂ ಈಗ ಇದೆ. 2016ರಿಂದ ಬೆಲೆಯೇರಿಕೆಯನ್ನು ಶೇ. 4ರ ಬಳಿ, ಹೆಚ್ಚೆಂದರೆ ಶೇ. 6ರೊಳಗೆ ಇಡುವುದು ರಿಸರ್ವ್ ಬ್ಯಾಂಕಿನ ಕಾನೂನುಬದ್ಧ ಹೊಣೆ. ಸತತ ಮೂರು ತ್ರೈಮಾಸಿಕ ಆ ಮಿತಿ ದಾಟಿದರೆ ಅದು ಸರ್ಕಾರಕ್ಕೆ ಕಾರಣ ವಿವರಿಸಿ ಪತ್ರ ಬರೆಯಬೇಕು. 2022ರಲ್ಲಿ ಮೊದಲ ಬಾರಿ ಹಾಗೆ ಬರೆಯಬೇಕಾಗಿ ಬಂತು. ಆ ಹೊತ್ತಿಗೆ ದರಗಳನ್ನು ಏರಿಸುವ ಕೆಲಸ ಆರಂಭವಾಗಿತ್ತು, ಮತ್ತು 2023ರ ಫೆಬ್ರುವರಿಗೆ ರೆಪೊ ಶೇ. 6.5 ಮುಟ್ಟಿತು. ನೀವು ಶೇ. 7ಕ್ಕೆ ನವೀಕರಿಸಲು ಸಾಧ್ಯವಾದದ್ದು ಇದರಿಂದಲೇ. ಬೆಲೆಯೇರಿಕೆ 2023-24ರಲ್ಲಿ ಶೇ. 5.4ಕ್ಕೆ, 2024-25ರಲ್ಲಿ ಶೇ. 4.6ಕ್ಕೆ ಇಳಿದದ್ದರಿಂದ ಆ ಎರಡು ವರ್ಷ ನಿಮ್ಮ ಬಡ್ಡಿಯಲ್ಲಿ ನಿಜವಾದ ಆದಾಯ ಕ್ರಮವಾಗಿ ಸುಮಾರು 16,000 ಮತ್ತು 24,000 ರೂಪಾಯಿ ಇತ್ತು. ಬಡ್ಡಿ ಕಡಿಮೆ ಎಂದ ಮಾತ್ರಕ್ಕೆ ದಮನ ಎನ್ನಬಾರದು: 2025ರಲ್ಲಿ ರೆಪೊ ಶೇ. 5.25ಕ್ಕೆ ಇಳಿಯಿತು, ಆದರೆ ಆ ವರ್ಷದ ಅಕ್ಟೋಬರಿನಲ್ಲಿ ಬೆಲೆಯೇರಿಕೆ ಶೇ. 0.25ಕ್ಕೆ ಕುಸಿದಿತ್ತು. ನೋಡಬೇಕಾದದ್ದು ಎರಡರ ನಡುವಿನ ಅಂತರ. ಅದನ್ನೂ ಒಂದು ತಿಂಗಳ ಅಂಕಿಯಿಂದ ಅಳೆಯಬೇಡಿ. ಟೊಮೆಟೊ, ಈರುಳ್ಳಿ ಬೆಲೆಯೊಂದೇ ಆ ತಿಂಗಳನ್ನು ಕೆಡಿಸಬಲ್ಲದು. ಹನ್ನೆರಡು ತಿಂಗಳ ಸರಾಸರಿಯನ್ನು, ತೆರಿಗೆ ಕಳೆದ ಬಡ್ಡಿಯಿಂದ ಕಳೆಯಿರಿ. ಒಂದು ವರ್ಷಕ್ಕೂ ಮೀರಿ ಉತ್ತರ ಸೊನ್ನೆಗಿಂತ ಕೆಳಗಿದ್ದು, ಅದೇ ಹೊತ್ತಿನಲ್ಲಿ ಸರ್ಕಾರದ ಸಾಲ ಏರುತ್ತಿದ್ದರೆ ನಿಮ್ಮ ಮಗನ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ವಯಸ್ಸಾದವರ ಮನೆಯಲ್ಲಿ ಔಷಧಿ, ಆಸ್ಪತ್ರೆಯ ಖರ್ಚು ಸೂಚ್ಯಂಕದಲ್ಲಿರುವುದಕ್ಕಿಂತ ಹೆಚ್ಚಿನ ಪಾಲು ತಿನ್ನುವುದರಿಂದ ನಿಮ್ಮ ಸ್ವಂತ ಬೆಲೆಯೇರಿಕೆ ಅದಕ್ಕಿಂತ ಹೆಚ್ಚಿರಬಹುದು.

ಅಂಥ ಕಾಲದಲ್ಲಿ ಜನ ಮಾಡುವ ತಪ್ಪೂ ಒಂದೇ ಬಗೆಯದು. ಬ್ಯಾಂಕಿನ ಬಡ್ಡಿ ಸಾಲದೆಂದು ಚಿನ್ನಕ್ಕೆ, ನೋಂದಣಿಯಿಲ್ಲದ ಚೀಟಿಗೆ, ತಿಂಗಳಿಗೆ ಎರಡು ಪರ್ಸೆಂಟ್ ಕೊಡುತ್ತೇವೆ ಎನ್ನುವವರಿಗೆ ಹಣ ಹಾಕುತ್ತಾರೆ. 2012-13ರಲ್ಲಿ ಬೆಲೆಯೇರಿಕೆ ಶೇ. 10ರ ಆಸುಪಾಸಿನಲ್ಲಿದ್ದಾಗ ದೇಶವೇ ಚಿನ್ನದ ಕಡೆ ವಾಲಿತು, ಮತ್ತು ದೇಶದ ಚಾಲ್ತಿ ಖಾತೆಯ ಕೊರತೆ, ಅಂದರೆ ಆಮದು ಮುಂತಾದವುಗಳಿಗೆ ಹೊರದೇಶಕ್ಕೆ ಹೋದ ಹಣ ರಫ್ತು ಮುಂತಾದವುಗಳಿಂದ ಬಂದ ಹಣವನ್ನು ಮೀರಿದ ಮೊತ್ತ, ಜಿಡಿಪಿಯ ಶೇ. 4.8ಕ್ಕೆ ಏರಲು ಚಿನ್ನದ ಆಮದೂ ಒಂದು ಮುಖ್ಯ ಕಾರಣವಾಯಿತು. ಶೇ. 1ರ ನಷ್ಟ ತಪ್ಪಿಸಲು ಹೋಗಿ ಅಸಲನ್ನೇ ಕಳೆದುಕೊಂಡವರನ್ನು ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ. 2020ರಲ್ಲಿ ನಿಮ್ಮೆದುರು ಬೇರೆ ದಾರಿಗಳಿದ್ದವು. ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಆಗ ಶೇ. 7.4 ಕೊಡುತ್ತಿತ್ತು, ಆ ಮೂರು ವರ್ಷಗಳ ಪ್ರತಿಯೊಂದರ ಬೆಲೆಯೇರಿಕೆಗಿಂತಲೂ ಹೆಚ್ಚು. ಅದೇ ವರ್ಷದ ಜುಲೈನಲ್ಲಿ ಬಂದ ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಉಳಿತಾಯ ಬಾಂಡ್ ಶೇ. 7.15ರಿಂದ ಆರಂಭವಾಯಿತು; ಅದರ ದರ ಆರು ತಿಂಗಳಿಗೊಮ್ಮೆ ಎನ್‌ಎಸ್‌ಸಿ, ಅಂದರೆ ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರದ ದರಕ್ಕೆ ಶೇ. 0.35 ಸೇರಿಸಿ ಬದಲಾಗುತ್ತದೆ, ಆದರೆ ಹಣ ಏಳು ವರ್ಷ ಕಟ್ಟಿಹಾಕಲ್ಪಡುತ್ತದೆ, ಹಿರಿಯರಿಗೆ ಮಾತ್ರ ವಯಸ್ಸಿಗನುಗುಣವಾಗಿ ದಂಡದೊಂದಿಗೆ ಬೇಗ ಬಿಡಿಸಿಕೊಳ್ಳಲು ಅವಕಾಶವಿದೆ. ಸಣ್ಣ ಉಳಿತಾಯದ ದರಗಳನ್ನು ಇಳಿಸುವುದು ರಾಜಕೀಯವಾಗಿ ಸುಲಭವಲ್ಲ ಎಂಬುದಕ್ಕೆ 2021ರ ಮಾರ್ಚ್ 31ರ ಕಡಿತದ ಆದೇಶ ಮರುದಿನ ಬೆಳಿಗ್ಗೆಯೇ ಹಿಂತೆಗೆದದ್ದು ಸಾಕ್ಷಿ.

ಕೊನೆಯದಾಗಿ ನಿಮ್ಮ ಈಗಿನ ಠೇವಣಿಯ ಬಗ್ಗೆ. ನಿಮಗೆ ಪಿಂಚಣಿಯಿದ್ದರೆ ಅದಕ್ಕೆ ತುಟ್ಟಿಭತ್ಯೆ ಸೇರುತ್ತದೆ, ಬೆಲೆಯ ಜೊತೆ ಅದೂ ಏರುತ್ತದೆ. ಠೇವಣಿಗೆ ಆ ಅನುಕೂಲವಿಲ್ಲ, ಅದನ್ನು ನೀವೇ ಮಾಡಿಕೊಳ್ಳಬೇಕು. 2024-25ರಂಥ ವರ್ಷದಲ್ಲಿ ಬಂದ 70,000 ರೂಪಾಯಿ ಬಡ್ಡಿಯಲ್ಲಿ 46,000 ರೂಪಾಯಿಯನ್ನು ಅಸಲಿಗೆ ಮರಳಿ ಸೇರಿಸಿ, ಉಳಿದ 24,000 ರೂಪಾಯಿಯನ್ನು ಮಾತ್ರ ಖರ್ಚಿಗೆ ತೆಗೆದರೆ ಹತ್ತು ಲಕ್ಷದ ಶಕ್ತಿ ಉಳಿಯುತ್ತದೆ. ಇದಕ್ಕೆ ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡುವ ಠೇವಣಿಯ ಬದಲು ಹಣದ ದೊಡ್ಡ ಪಾಲನ್ನು ಬಡ್ಡಿ ಅಸಲಿಗೇ ಸೇರುವ ಠೇವಣಿಯಲ್ಲಿಟ್ಟು, ಸಣ್ಣ ಪಾಲನ್ನು ಮಾತ್ರ ತ್ರೈಮಾಸಿಕ ಬಡ್ಡಿಗೆ ಬಿಡುವುದು ಸುಲಭದ ಉಪಾಯ. ಪಿಂಚಣಿಯಿಲ್ಲದ, ಬಡ್ಡಿಯಲ್ಲೇ ಮನೆ ನಡೆಸುವ ನಿಮ್ಮೂರಿನ ಸಕ್ಕರೆ ಕಾರ್ಖಾನೆಯ ನಿವೃತ್ತ ಕಾರ್ಮಿಕರಿಗೆ ಈ ಸಲಹೆ ಪಾಲಿಸಲಾಗದ್ದು ಎಂದು ನನಗೆ ಗೊತ್ತು. ಬಡ್ಡಿ ಬೆಲೆಯೇರಿಕೆಗಿಂತ ಕೆಳಗಿಳಿದ ಪ್ರತಿ ವರ್ಷವೂ ಅವರು ಅಸಲನ್ನೇ ಉಣ್ಣುತ್ತಾರೆ, ಅದರಲ್ಲಿ ಅವರದೇನೂ ತಪ್ಪಿಲ್ಲ.